ಕೂಡುವಾಗ ಬಿಟ್ಟುಹೋದ ಹದಿನಾಲ್ಕು ಅಂಕ

ಪರೀಕ್ಷಾ ಇಲಾಖೆಯ ಮಾನ್ಯ ನಿರ್ದೇಶಕರಿಗೆ,

ಸರ್, ನಾನು ಹೊನ್ನಾವರ ತಾಲೂಕಿನ ವಾಣಿಜ್ಯ ವಿದ್ಯಾರ್ಥಿನಿ. ಲೆಕ್ಕಶಾಸ್ತ್ರದ 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ ನನಗೆ 47 ಬಂದಿದೆ ಎಂದು ಅಂಕಪಟ್ಟಿ ಹೇಳುತ್ತದೆ. ಅನುಮಾನ ಬಂದು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡೆ. ಅದರ ಪ್ರಕಾರ ನನಗೆ ಸಿಗಬೇಕಾದದ್ದು 61. ಈ ವ್ಯತ್ಯಾಸ ಎಲ್ಲಿ ಹುಟ್ಟಿತು ಎಂಬುದನ್ನು ಪುಟ ಹಿಡಿದೇ ಹೇಳುತ್ತೇನೆ.

ಮೊದಲ ಪುಟದ ಕೋಷ್ಟಕದಲ್ಲಿ ನಾಲ್ಕು ವಿಭಾಗಗಳ ಅಂಕಗಳಿವೆ: 9, 8, 17 ಮತ್ತು 23. ಕೂಡಿದರೆ 57 ಆಗಬೇಕು. ಕೆಳಗೆ ಬರೆದಿರುವುದು 47. ಬಿಡಿ ಸ್ಥಾನದಲ್ಲಿ 27 ಬರುತ್ತದೆ, ಏಳನ್ನು ಬರೆದು ದಶಕ ಎರಡು ತೆಗೆದುಕೊಳ್ಳಬೇಕು. ಇಲ್ಲಿ ದಶಕ ಒಂದೇ ಬಂದಿದೆ. ಹತ್ತು ಅಂಕ ಹೋದದ್ದು ಹೀಗೆ.

ಎರಡನೆಯ ತಪ್ಪು ಒಳಪುಟದಲ್ಲಿದೆ. ಹನ್ನೆರಡು ಅಂಕದ ಪ್ರಶ್ನೆಯೊಂದಕ್ಕೆ ನಾನು ಲೆಕ್ಕದ ಟಿಪ್ಪಣಿಗಳನ್ನು 21ನೇ ಪುಟದಲ್ಲಿ ಬರೆದು, ಆಸ್ತಿ-ಹೊಣೆ ಪಟ್ಟಿಯನ್ನು 23ನೇ ಪುಟದಲ್ಲಿ ಮಾಡಿದ್ದೇನೆ. ಮೌಲ್ಯಮಾಪಕರು ಟಿಪ್ಪಣಿಗಳಿಗೆ 4, ಪಟ್ಟಿಗೆ 6 ಕೊಟ್ಟಿದ್ದಾರೆ. ಮೊದಲ ಪುಟಕ್ಕೆ ಏರಿರುವುದು 6 ಮಾತ್ರ. ಆ ನಾಲ್ಕನ್ನು ಬೇಕೆಂದೇ ಬಿಟ್ಟಿರಬಹುದೇ ಎಂದೂ ನೋಡಿದೆ. ಹಿರಿಯ ಮೌಲ್ಯಮಾಪಕರು ಅಂಕ ಬದಲಿಸಿದ್ದರೆ ಹಳೆಯದಕ್ಕೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿರುತ್ತಿದ್ದರು. ಆ 4ರ ಮೇಲೆ ಗೆರೆಯಿಲ್ಲ, ಸಹಿಯೂ ಇಲ್ಲ. ಇನ್ನೊಂದು ಸಾಧ್ಯತೆಯೂ ಇತ್ತು: ಆಯ್ಕೆಯಿರುವ ವಿಭಾಗದಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಉತ್ತರ ಬರೆದಿದ್ದರೆ, ಒಳಪುಟದಲ್ಲಿ ಅಂಕ ಕಂಡರೂ ಅದು ಮೊತ್ತಕ್ಕೆ ಸೇರುವುದಿಲ್ಲ. ಒಳಪುಟದ ಅಂಕಗಳನ್ನೆಲ್ಲ ಕೂಡಿ ದೂರು ಕೊಡುವವರು ಮೊದಲು ಗಮನಿಸಬೇಕಾದದ್ದು ಇದನ್ನೇ. ನಾನು ಕೇಳಿದಷ್ಟಕ್ಕೇ ಉತ್ತರಿಸಿದ್ದೇನೆ. ನಮ್ಮ ಲೆಕ್ಕಶಾಸ್ತ್ರದ ಸರ್ ಕೂಡ ಎಲ್ಲ ಪುಟ ಕೂಡಿ ನೋಡಿ 61 ಎಂದೇ ಬರೆದುಕೊಟ್ಟಿದ್ದಾರೆ.

ಇಷ್ಟು ಸ್ಪಷ್ಟವಾಗಿದ್ದರೂ ಫೋನಿನಲ್ಲಿ ನನಗೆ ಸಿಕ್ಕ ಉತ್ತರ, ‘ಮರುಮೌಲ್ಯಮಾಪನಕ್ಕೆ ಹಣ ಕಟ್ಟಿ’ ಎಂಬುದು. ಸರ್, ನನ್ನ ತಕರಾರು ಇಲ್ಲಿಯೇ. ಮರುಮೌಲ್ಯಮಾಪನ ಎಂದರೆ ಇನ್ನೊಬ್ಬರು ನನ್ನ ಉತ್ತರಗಳನ್ನು ಹೊಸದಾಗಿ ಓದಿ ಅಂಕ ಕೊಡುವುದು. ನಾನು ಅದನ್ನು ಕೇಳುತ್ತಿಲ್ಲ. ಓದಿದವರು ಕೊಟ್ಟ ಒಂದೊಂದು ಅಂಕವನ್ನೂ ಒಪ್ಪಿದ್ದೇನೆ. ನನಗೆ ಬೇಕಾಗಿರುವುದು ಅವರೇ ಕೊಟ್ಟದ್ದರ ಮರುಎಣಿಕೆ.

ಈ ಎರಡರ ನಡುವಿನ ಭೇದವನ್ನು ಸುಪ್ರೀಂ ಕೋರ್ಟು 1984ರಲ್ಲೇ ನೋಡಿದೆ. ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಮರುಮೌಲ್ಯಮಾಪನವನ್ನು ಹಕ್ಕೆಂದು ಒಪ್ಪದಿದ್ದರೂ, ಎಲ್ಲ ಉತ್ತರಗಳಿಗೂ ಅಂಕ ಬಿದ್ದಿದೆಯೇ, ಕೂಡಿದ್ದು ಸರಿಯೇ ಎಂದು ಪರಿಶೀಲಿಸುವ ನಿಯಮವನ್ನು ಅದು ಎತ್ತಿಹಿಡಿಯಿತು. ಸಿಬಿಎಸ್‌ಇ ಪ್ರಕರಣದ 2011ರ ಆಗಸ್ಟ್ 9ರ ತೀರ್ಪಿನಲ್ಲಿ, ಮಾಹಿತಿ ಹಕ್ಕು ಕಾಯ್ದೆಯಡಿ ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆಯನ್ನು ನೋಡಬಹುದು, ಪ್ರತಿ ಪಡೆಯಬಹುದು ಎಂದಿತು. ಅಲ್ಲಿಯೂ ಮರುಮೌಲ್ಯಮಾಪನದ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ. ನೋಡುವ ಹಕ್ಕು ಕೊಟ್ಟ ಮೇಲೆ, ನೋಡಿ ಕಂಡ ಕೂಡುವ ತಪ್ಪನ್ನು ತಿದ್ದಲು ಇನ್ನೊಂದು ಶುಲ್ಕ ಏಕೆ?

ಈ ಹಣ ಕಟ್ಟುವ ದಿನಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಭಟ್ಕಳದ ತೆಂಗಿನಗುಂಡಿಯಿಂದ ಹೊನ್ನಾವರದ ಕಾಸರಕೋಡಿನವರೆಗೆ, ಅತ್ತ ಕುಮಟಾದ ತೀರದಲ್ಲೂ, ನನ್ನ ಜೊತೆ ಓದಿದ ಅನೇಕರ ಮನೆ ನಡೆಯುವುದು ಮೀನುಗಾರಿಕೆಯಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನನ್ನ ಅಪ್ಪ ಬೋಟಿನಲ್ಲಿ ಕೆಲಸ ಮಾಡುವವರು, ಹಣ ಕಟ್ಟಬೇಕಾದ ಈ ದಿನಗಳಲ್ಲಿ ಅವರಿಗೆ ಸಂಪಾದನೆಯಿಲ್ಲ. ಸ್ಕ್ಯಾನ್ ಪ್ರತಿಗೆ ಕೊಟ್ಟ ಹಣವೇ ಸಾಲದ್ದು. ನನ್ನ ಹಾಗೆ ಅನುಮಾನವಿದ್ದೂ ಪ್ರತಿ ತರಿಸಲಾಗದೆ ಸುಮ್ಮನಾದ ಗೆಳತಿಯರಿದ್ದಾರೆ. ಅವರ ಪತ್ರಿಕೆಯಲ್ಲಿ ಏನಿದೆ ಎಂದು ನನಗೆ ಗೊತ್ತಾಗುವ ದಾರಿಯಿಲ್ಲ, ನಿಮಗೆ ಇದೆ.

ಆದ್ದರಿಂದ ನನ್ನ ಪತ್ರಿಕೆಯ ಮೂಲ ಪ್ರತಿಯನ್ನು ತರಿಸಿ, ಮೊದಲ ಪುಟ, 21 ಮತ್ತು 23ನೇ ಪುಟಗಳನ್ನು ಪರಿಶೀಲಿಸಿ, ತಿದ್ದಿದ ಅಂಕಪಟ್ಟಿಯನ್ನು ಪದವಿ ಪ್ರವೇಶದ ಪಟ್ಟಿ ಮುಗಿಯುವುದರೊಳಗೆ ಕೊಡಿಸಬೇಕು. ಅದು ತಡವಾಗಿ ಬಂದರೆ 61 ಬಂದೂ ಪ್ರಯೋಜನವಿಲ್ಲ, ನನ್ನ ಸ್ಥಾನ ಅಷ್ಟರಲ್ಲಿ ಬೇರೆಯವರಿಗೆ ಹೋಗಿರುತ್ತದೆ. ತಪ್ಪು ಇಲಾಖೆಯದೆಂದು ಸಾಬೀತಾದರೆ ಸ್ಕ್ಯಾನ್ ಪ್ರತಿಯ ಹಣವನ್ನೂ ಮರಳಿಸಬೇಕು. ಇನ್ನೊಂದು ಕೋರಿಕೆ: ಮೌಲ್ಯಮಾಪನ ಕೇಂದ್ರದಲ್ಲಿ ಅಂಕ ಕೊಟ್ಟವರೇ ಕೂಡದೆ, ಬೇರೊಬ್ಬರು ಒಳಪುಟದಿಂದ ಮೊದಲ ಪುಟಕ್ಕೆ ಒಂದೊಂದೇ ಅಂಕವನ್ನು ಹೋಲಿಸಿ ಕೂಡಿ ಸಹಿ ಹಾಕುವಂತೆ ಮಾಡಿ. ದಿನಕ್ಕೆ ಹತ್ತಾರು ಪತ್ರಿಕೆ ಓದಿ ದಣಿದವರ ಕಣ್ಣಿಗೆ ತಮ್ಮದೇ 4 ಕಾಣದೆ ಹೋಗುವುದು ಸಹಜ. ಅವರ ಮೇಲೆ ಕ್ರಮ ಆಗಲಿ ಎಂದು ನಾನು ಬರೆಯುತ್ತಿಲ್ಲ.

ಮೂರು ಪುಟಗಳ ಪ್ರತಿಯನ್ನೂ ನಮ್ಮ ಸರ್ ಸಹಿಯ ಲೆಕ್ಕದ ಹಾಳೆಯನ್ನೂ ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮ ಲಿಖಿತ ಉತ್ತರಕ್ಕೆ ಕಾಯುತ್ತೇನೆ.

ತಮ್ಮ ವಿಶ್ವಾಸಿ,
ಹೊನ್ನಾವರದ ಒಬ್ಬ ವಿದ್ಯಾರ್ಥಿನಿ