ಕರೆಂಟು ಬಂದ ಮೇಲೆ ಏನಾಗುತ್ತದೆ?

ಒಂದು ಮಾತು ಹೇಳಿದರೆ ದೀಪ ಮಂಕಾಗಿ ಟಿವಿ ತಾನಾಗಿ ಶುರುವಾಗುವ ವ್ಯವಸ್ಥೆಯನ್ನು ಊರಿನ ಮನೆಗೆ ಜೋಡಿಸಿಕೊಡಲು ಬೆಂಗಳೂರಿನ ಮಕ್ಕಳಿಗೆ ಒಂದು ಭಾನುವಾರ ಸಾಕು. ಆದರೆ ಅದರ ವಿವರಣೆಯ ವಿಡಿಯೊಗಳೆಲ್ಲ ಕರೆಂಟು ಹೋಗುವುದೇ ಇಲ್ಲ ಎಂದುಕೊಂಡು ಮಾಡಿದಂತಿರುತ್ತವೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಳೆಗಾಲದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಮೊದಲು ಯೋಚಿಸಬೇಕಾದದ್ದು, ಹೋದ ಕರೆಂಟು ವಾಪಸ್ ಬಂದ ಗಳಿಗೆಯನ್ನು.

ನನ್ನ ಅಭಿಪ್ರಾಯದಲ್ಲಿ ಟಿವಿಯನ್ನು ಸ್ಮಾರ್ಟ್ ಪ್ಲಗ್‌ಗೆ ಹಾಕಲೇಬಾರದು. ಪ್ಲಗ್ ಎಂದರೆ ದೂರದಿಂದ ಒತ್ತುವ ಸ್ವಿಚ್ಚು, ಅಷ್ಟೇ. ಅದು ಕರೆಂಟು ಕೊಟ್ಟರೂ ಹೆಚ್ಚಿನ ಟಿವಿಗಳು ಕೆಂಪು ದೀಪ ಹೊತ್ತಿಸಿಕೊಂಡು ರಿಮೋಟಿಗಾಗಿ ಕಾಯುತ್ತವೆ. ಪ್ಲಗ್ ಆರಿದ್ದಾಗ ಟಿವಿ ವೈಫೈಯಿಂದಲೂ ಹೊರಗಿರುವುದರಿಂದ, ಎಬ್ಬಿಸುವ ಆದೇಶ ಅದಕ್ಕೆ ಮುಟ್ಟುವುದೇ ಇಲ್ಲ. ಟಿವಿಯನ್ನು ನೇರವಾಗಿ ಗೋಡೆಗೆ ಹಾಕಿ, ನೆಟ್‌ವರ್ಕ್ ಮೂಲಕ ಎಬ್ಬಿಸುವ ಆಯ್ಕೆಯನ್ನು ಅದರ ಸೆಟ್ಟಿಂಗ್‌ನಲ್ಲೇ ಆನ್ ಮಾಡಿಡಿ.

ಪ್ಲಗ್ ದೀಪವನ್ನು ಮಂಕು ಮಾಡಲಾರದು. ಆ ಕೆಲಸಕ್ಕೆ ಸ್ಮಾರ್ಟ್ ಬಲ್ಬೇ ಬೇಕು. ಜಗಲಿಯಲ್ಲಿ ಒಂದು ಟಿವಿ, ಮೇಲೊಂದು ಸ್ಮಾರ್ಟ್ ಬಲ್ಬು, ಮೂಲೆಯಲ್ಲಿ ಪ್ಲಗ್‌ಗೆ ಹಾಕಿದ ಟೇಬಲ್ ಲ್ಯಾಂಪು ಇದೆ ಎನ್ನಿ. ರೊಟೀನ್‌ನಲ್ಲಿ ಬಲ್ಬು ಶೇ. 20ಕ್ಕೆ ಇಳಿಯಲಿ, ಲ್ಯಾಂಪು ಆರಲಿ, ಟಿವಿ ಏಳಲಿ. ಈಗ ಕರೆಂಟು ಹೋಗಿ ರಾತ್ರಿ ಎರಡಕ್ಕೆ ಬಂತು. ಬಹಳಷ್ಟು ಸ್ಮಾರ್ಟ್ ಬಲ್ಬುಗಳು ಆಗ ಪೂರ್ತಿ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತವೆ. ಮಲಗಿದ್ದ ಅಜ್ಜಿ ಎದ್ದು ಗೋಡೆಯ ಸ್ವಿಚ್ಚು ಆರಿಸುತ್ತಾರೆ. ಮರುದಿನ ಬಲ್ಬು ಯಾರ ಮಾತನ್ನೂ ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಕರೆಂಟೇ ಇಲ್ಲ. ಆ್ಯಪ್‌ನಲ್ಲಿ 'ಆಫ್‌ಲೈನ್' ಎಂದು ಕಂಡರೆ ಮೊದಲು ನೋಡಬೇಕಾದದ್ದು ಆ ಸ್ವಿಚ್ಚನ್ನು. ಕರೆಂಟು ಬಂದಾಗ ಹೇಗಿರಬೇಕು ಎಂಬ ಆಯ್ಕೆ ಬಲ್ಬಿನ ಆ್ಯಪ್‌ನಲ್ಲಿದ್ದರೆ, 'ಹಿಂದೆ ಇದ್ದಂತೆ' ಎಂದು ಇಡಿ. ಅದಿಲ್ಲದ ಬಲ್ಬನ್ನು ನಮ್ಮ ಕಡೆಗೆ ತರಬೇಡಿ.

ಇನ್ನೊಂದು ತೊಡಕು ಡಿಶ್ ಬಾಕ್ಸಿನದು. ಅದನ್ನು ರಿಮೋಟ್ ಸಿಗ್ನಲ್ ಕಳಿಸುವ ಸಣ್ಣ ಡಬ್ಬಿಯಿಂದ ನಡೆಸುತ್ತಾರೆ. ಬಾಕ್ಸಿನ ರಿಮೋಟಿನಲ್ಲಿ ಹಚ್ಚಲು, ಆರಿಸಲು ಸಾಮಾನ್ಯವಾಗಿ ಒಂದೇ ಗುಂಡಿ. ಬಾಕ್ಸ್ ಹೊತ್ತಿದೆಯೋ ಇಲ್ಲವೋ ಡಬ್ಬಿಗೆ ಗೊತ್ತಿಲ್ಲ. ಕರೆಂಟು ಬಂದಾಗ ಬಾಕ್ಸ್ ತಾನೇ ಹೊತ್ತಿಕೊಂಡಿದ್ದರೆ, ಸಂಜೆಯ ರೊಟೀನ್ ಅದನ್ನು ಆರಿಸಿಬಿಡುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ತಿರುಗುಮುರುಗು. ಬಾಕ್ಸನ್ನು ರೊಟೀನ್‌ನಿಂದ ಹೊರಗಿಟ್ಟು ಸದಾ ಆನ್ ಬಿಡುವುದು ಸರಳ.

ರೂಟರ್ ಮತ್ತು ಫೈಬರ್ ಡಬ್ಬಿ ಎರಡೂ ಇನ್ವರ್ಟರ್ ಲೈನಿನಲ್ಲಿರಲಿ. ಆದರೂ ಹೊರಗೆ ಕೇಬಲ್ ಮೇಲೆ ಮರ ಬಿದ್ದರೆ ಮಾತಿನ ಆದೇಶ ನಿಲ್ಲುತ್ತದೆ. ಆಗ ಮನೆಯವರ ಕೈಗೆ ಸಿಗಬೇಕಾದದ್ದು ಹಳೆಯ ರಿಮೋಟು. ಅದನ್ನು ಅಟ್ಟಕ್ಕೆ ಹಾಕಬೇಡಿ.

ಜೋಡಿಸಿದವರು ಬಸ್ಸು ಹತ್ತುವ ಮೊದಲು ಮೇನ್ ಸ್ವಿಚ್ಚನ್ನೊಮ್ಮೆ ಇಳಿಸಿ, ಐದು ನಿಮಿಷ ಬಿಟ್ಟು ಏರಿಸಲಿ. ಆಮೇಲೆ ಅಜ್ಜಿಯೇ ಟಿವಿ ಹಾಕಲಿ. ಅವರಿಂದ ಆಗದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ.