ಬಿಟ್ಟು ಹೋಗುವುದು ಪುಕ್ಕಟೆ, ಎರಡು ಮನೆ ದುಬಾರಿ

2025ರ ಅಕ್ಟೋಬರ್ 14ರಂದು ಗೂಗಲ್ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿತು. ದೊಡ್ಡ ಕಂಪನಿಯೊಂದು ಊರಿಗೆ ಬಂದಾಗಲೆಲ್ಲ ಕ್ಲೌಡ್ ಸಲಹೆಗಾರರ ಒಂದು ಬುದ್ಧಿವಾದವೂ ಹಿಂದೆಯೇ ಬರುತ್ತದೆ: ಒಬ್ಬನನ್ನೇ ನಂಬಿ ಕೂರಬೇಡಿ, ಎರಡು ಕ್ಲೌಡ್‌ಗಳಲ್ಲಿ ಇರಿ, ಆಗ ಯಾರ ಹಂಗೂ ಇರುವುದಿಲ್ಲ. ಕೇಳಲು ಜಾಣತನ. ಹೆಚ್ಚಿನ ಸಂಸ್ಥೆಗಳ ಮಟ್ಟಿಗೆ ಇದು ಒಬ್ಬ ಯಜಮಾನನ ಬದಲು ಇಬ್ಬರನ್ನು ಸಾಕುವ ಉಪಾಯ.

ವಿಜಯವಾಡದಲ್ಲಿ ಒಂದು ಸಗಟು ಔಷಧ ಸಂಸ್ಥೆ ಇದೆ ಎಂದುಕೊಳ್ಳಿ. ಅದರ ಆರ್ಡರುಗಳೆಲ್ಲ ಅಮೆಜಾನಿನ ಡೈನಮೋಡಿಬಿಯಲ್ಲಿವೆ. ಬಿಲ್ಲು, ಸ್ಕ್ಯಾನ್ ಪ್ರತಿ ಸೇರಿ ಒಟ್ಟು ಹತ್ತು ಟಿಬಿ. ಮಾಲೀಕರಿಗೆ ಭಯ ಹುಟ್ಟಿಸುವುದು ದತ್ತಾಂಶ ಹೊರತೆಗೆಯುವ ಶುಲ್ಕ. ಮುಂಬೈ ಕೇಂದ್ರದಿಂದ ಹೊರಹೋಗುವ ಪ್ರತಿ ಜಿಬಿಗೆ ಪಟ್ಟಿ ದರ ಸುಮಾರು 11 ಸೆಂಟ್. ಹತ್ತು ಟಿಬಿಗೆ 1,100 ಡಾಲರ್ ಆಸುಪಾಸು, ಅಂದರೆ ಒಂದು ಲಕ್ಷ ರೂಪಾಯಿಯ ಹತ್ತಿರ. ಸೆಕೆಂಡಿಗೆ ಒಂದು ಗಿಗಾಬಿಟ್‌ನ ಲೈನು ತುಂಬಿ ಹರಿದರೆ ಒಂದೇ ದಿನದಲ್ಲಿ ಎಲ್ಲ ಸಾಗುತ್ತದೆ. ಹೆದರುವಂಥ ಖರ್ಚೇನೂ ಅಲ್ಲ. ಅದೂ ಸಾಲದೆಂಬಂತೆ, 2024ರ ಮೊದಲ ಮೂರು ತಿಂಗಳಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂವರೂ ಬಿಟ್ಟು ಹೋಗುವವರಿಗೆ ಈ ಶುಲ್ಕ ಮನ್ನಾ ಮಾಡುವುದಾಗಿ ಹೇಳಿದರು.

ಇಲ್ಲಿ 'ಬಿಟ್ಟು ಹೋಗುವವರಿಗೆ' ಎಂಬ ಮಾತನ್ನು ಗಮನಿಸಿ. ಎರಡೂ ಕಡೆ ಇದ್ದುಕೊಂಡು ದಿನವೂ ದತ್ತಾಂಶ ಆಚೀಚೆ ಕಳಿಸುವವರಿಗೆ ಆ ಮನ್ನಾ ಸಲ್ಲದು. ಮಲ್ಟಿ-ಕ್ಲೌಡ್ ಎಂದರೆ ಅದೇ ತಾನೆ? ಸ್ವಾತಂತ್ರ್ಯದ ಹೆಸರಿನಲ್ಲಿ ಕೊಂಡ ವ್ಯವಸ್ಥೆ, ಯಾವ ಸುಂಕದಿಂದ ಪಾರಾಗಬೇಕಿತ್ತೋ ಅದನ್ನೇ ತಿಂಗಳು ತಿಂಗಳು ಕಟ್ಟಿಸುತ್ತದೆ.

ಅಸಲಿ ಬೇಡಿ ಇರುವುದು ಶುಲ್ಕದಲ್ಲಲ್ಲ. ಕೊನೆಯ ಡಬ್ಬಿಯನ್ನು ಇಬ್ಬರು ಗುಮಾಸ್ತರು ಒಂದೇ ಕ್ಷಣದಲ್ಲಿ ಮಾರದಂತೆ ತಡೆಯುವ ಷರತ್ತನ್ನು ಈ ಸಂಸ್ಥೆಯ ಪ್ರೋಗ್ರಾಮು ಡೈನಮೋಡಿಬಿಯ ರೀತಿಯಲ್ಲೇ ಬರೆದುಕೊಂಡಿದೆ. ಯಾವ ಕೀಲಿಯಿಂದ ಯಾವ ಆರ್ಡರು ಹುಡುಕಬೇಕೆಂಬುದೂ ಅದರ ಸ್ವಭಾವಕ್ಕೆ ಒಗ್ಗಿದೆ. ಇನ್ನೊಂದು ಕಡೆಗೆ ಹೋದರೆ ಇದನ್ನೆಲ್ಲ ಹೊಸದಾಗಿ ಬರೆಯಬೇಕು. ಫೈಲು ಒಂದು ದಿನದಲ್ಲಿ ಹೋದೀತು, ಈ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ.

ಅನುಮತಿಗಳದ್ದು ಇನ್ನೂ ಸೂಕ್ಷ್ಮ. ಗೂಗಲ್‌ನಲ್ಲಿ ಮೇಲಿನ ಫೋಲ್ಡರಿಗೆ ಕೊಟ್ಟ ಅಧಿಕಾರ ಕೆಳಗಿನ ಪ್ರಾಜೆಕ್ಟುಗಳಿಗೆಲ್ಲ ತಾನಾಗಿ ಇಳಿಯುತ್ತದೆ. ಅಮೆಜಾನಿನ ಲೆಕ್ಕವೇ ಬೇರೆ. ಒಂದನ್ನು ಸಾಲಿಗೆ ಸಾಲು ಇನ್ನೊಂದಕ್ಕೆ ಇಳಿಸಿದರೆ, ಬಿಲ್ಲು ಮಾತ್ರ ನೋಡಬೇಕಾದವನಿಗೆ ಇಡೀ ಉಗ್ರಾಣದ ಬಾಗಿಲು ತೆರೆದಿರಬಹುದು. ಎರರ್ ಬರುವುದಿಲ್ಲ, ಏನೂ ಕೆಡುವುದಿಲ್ಲ. ಅಧಿಕಾರ ಇಲ್ಲದವನ ಖಾತೆಯಿಂದ ಲಾಗಿನ್ ಆಗಿ ಬೇಕೆಂದೇ ಪ್ರಯತ್ನಿಸಿದರಷ್ಟೇ ಗೊತ್ತಾಗುತ್ತದೆ. ಎರಡು ಕ್ಲೌಡ್ ಇದ್ದಷ್ಟು ದಿನವೂ ಎರಡೂ ಕಡೆ ಹೀಗೆ ಕಾವಲು ಕಾಯಬೇಕು.

ಚಂಡಮಾರುತ ಬಂದರೆ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಅಪ್ಪಳಿಸಿದ್ದು ವಿಶಾಖಪಟ್ಟಣಕ್ಕೇ. ಆದರೆ ಗಾಳಿಗೆ ಕಂಪನಿಯ ಹೆಸರು ಗೊತ್ತಿಲ್ಲ, ಅದಕ್ಕೆ ಬೇಕಿರುವ ಉತ್ತರ ದೂರ. ಒಂದೇ ಅಮೆಜಾನಿಗೆ ಮುಂಬೈ, ಹೈದರಾಬಾದ್ ಎರಡೂ ಕಡೆ ಕೇಂದ್ರಗಳಿವೆ.

ಕಂಪನಿಯೇ ಎಡವಿದರೆ ಮಾತ್ರ ಎರಡನೆಯ ಕಂಪನಿ ಬೇಕು. 2024ರ ಮೇನಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿಗೆ ಆದದ್ದು ಅದೇ. ಗೂಗಲ್ ಕ್ಲೌಡ್ ಕಡೆಯ ತಪ್ಪಿನಿಂದ ಅದರ ಖಾಸಗಿ ಕ್ಲೌಡ್ ಒಂದು ಅಳಿಸಿಹೋಯಿತು. ಚೇತರಿಕೆಗೆ ನೆರವಾದದ್ದು ಬೇರೊಬ್ಬ ಪೂರೈಕೆದಾರನ ಬಳಿ ಇಟ್ಟ ಬ್ಯಾಕಪ್.

ಹಾಗಾಗಿ ವಿಜಯವಾಡದ ನಮ್ಮ ಮಾಲೀಕರಿಗೆ ಬೇಕಿರುವುದು ಎರಡನೆಯ ಸಂಸಾರವಲ್ಲ, ಬೇರೆಯವರ ಮನೆಯಲ್ಲಿಟ್ಟ ಒಂದು ಪ್ರತಿ. ಹೊಸ ಕೆಲಸಗಳನ್ನಾದರೂ ಎಲ್ಲೆಡೆ ಸಿಗುವ ಪೋಸ್ಟ್‌ಗ್ರೆಸ್‌ನಲ್ಲಿ ಕಟ್ಟಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕ್ಲೌಡ್‌ನ ಖಾಲಿ ಯಂತ್ರದಲ್ಲಿ ಎತ್ತಿ ನಿಲ್ಲಿಸಲಿ:

```
pg_dump -Fc -f orders.dump orders
createdb orders_test && pg_restore --no-owner -d orders_test orders.dump
```

ಮೊದಲನೆಯ ಸಾಲು ಹಳೆಯ ಕಡೆ, ಎರಡನೆಯದು ಹೊಸ ಕಡೆ. ಅಮೆಜಾನಿನಲ್ಲಷ್ಟೇ ಸಿಗುವ `aws_s3`ಯಂಥ ಎಕ್ಸ್‌ಟೆನ್ಶನ್ ಬಳಸಿದ್ದರೆ ಎರಡನೆಯ ಸಾಲು ಅಲ್ಲೇ ತಕರಾರು ತೆಗೆಯುತ್ತದೆ. ಅಂಥ ಒಂದೊಂದು ತಕರಾರೂ ಒಂದೊಂದು ಬೇಡಿಯ ವಿಳಾಸ. ಆಮೇಲೆ ನಿನ್ನೆಯ ಬಿಲ್ಲೊಂದನ್ನು ಅಲ್ಲಿಂದ ಮುದ್ರಿಸಿ ನೋಡಲಿ, ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಲಿ.

ಎರಡು ಕ್ಲೌಡ್ ಮಾರಲು ಬಂದವರಿಗೆ ಕೇಳಬೇಕಾದ ಪ್ರಶ್ನೆಯೂ ಇದೇ: ಸ್ವಾಮಿ, ನೀವು ನಿಲ್ಲಿಸಿಕೊಟ್ಟ ಎರಡನೆಯ ಕ್ಲೌಡ್‌ನಿಂದ ಯಾರಾದರೂ ಕೊನೆಯ ಸಲ ಒಂದು ಬಿಲ್ಲು ಮುದ್ರಿಸಿದ್ದು ಯಾವತ್ತು? ಉತ್ತರವಾಗಿ ಒಂದು ತಾರೀಖು ಬಾರದಿದ್ದರೆ ಅವರು ಮಾರುತ್ತಿರುವುದು ಎರಡನೆಯ ಬೇಡಿಯನ್ನು.