ಅವ್ವ ಕದಲದಿರಲಿ, ಪಾಳಿ ಮಕ್ಕಳದಾಗಲಿ

ಗದ್ವಾಲ ಜಿಲ್ಲೆಯ ಇಟಿಕ್ಯಾಲದ ಸುತ್ತಮುತ್ತ ಮಳೆಗಾಲ ಬಂತೆಂದರೆ ಹತ್ತಿಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಶುರು. ಸಂಜೆ ಹೆಣ್ಣು ಸಾಲಿನ ಮೊಗ್ಗುಗಳಿಂದ ಕೇಸರ ಕಿತ್ತಿಡಬೇಕು. ಮರುದಿನ ಬೆಳಿಗ್ಗೆ ಆ ಹೂಗಳಿಗೆ ಗಂಡು ಸಾಲಿನ ಪರಾಗ ಮುಟ್ಟಿಸಬೇಕು. ಒಂದು ಬೆಳಗು ತಪ್ಪಿದರೆ ಆ ದಿನದ ಹೂಗಳೆಲ್ಲ ಬೀಜಕ್ಕೆ ಲೆಕ್ಕವಿಲ್ಲ. ಲಕ್ವ ಹೊಡೆದು ಮಲಗಿದ ಅತ್ತೆಯನ್ನು ತೊಳೆದು, ಉಣಿಸಿ, ಗುಳಿಗೆ ಕೊಡಬೇಕಾದದ್ದೂ ಅದೇ ಬೆಳಗಿನಲ್ಲಿ. ಮಕ್ಕಳಿಗೆ ಬುತ್ತಿ ಕಟ್ಟಿ ಶಾಲೆಗೆ ಕಳಿಸಬೇಕಾದದ್ದೂ ಆಗಲೇ. ಮೂರಕ್ಕೂ ಸಿಗುವವಳು ಊರಲ್ಲಿ ಉಳಿದ ಮಗನ ಹೆಂಡತಿಯೊಬ್ಬಳೇ.

ಮಕ್ಕಳನ್ನೂ ಹೆತ್ತವರನ್ನೂ ಒಟ್ಟಿಗೆ ಹೊತ್ತ ನಡುಹರೆಯದವರನ್ನು ಅಮೆರಿಕದ ಡೊರೊಥಿ ಮಿಲ್ಲರ್ 1981ರಲ್ಲಿ ‘ಸ್ಯಾಂಡ್‌ವಿಚ್ ಪೀಳಿಗೆ’ ಎಂದು ಕರೆದರು. ನಮ್ಮಲ್ಲಿ ಇದನ್ನು ನಗರದ ನೌಕರದಾರರ ಕಷ್ಟವೆಂದೇ ಬರೆಯುತ್ತೇವೆ. ಆದರೆ ಗದ್ವಾಲವೂ ಸೇರಿದ ಪಾಲಮೂರು ಸೀಮೆ ದಶಕಗಳಿಂದ ಗುಳೆ ಹೋಗುತ್ತಿರುವ ಸೀಮೆ. ಒಬ್ಬ ಮಗ ಹೈದರಾಬಾದಿನಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ, ಮಗಳು ರಾಯಚೂರಿನ ಕಡೆ ಗಂಡನ ಮನೆಯಲ್ಲಿ. ಹೊಲ ನೋಡಿಕೊಳ್ಳಲು ಉಳಿದವನಿಗೆ ಹೆತ್ತವರೂ ಪಾಲಿಗೆ ಬರುತ್ತಾರೆ.

ಇದಕ್ಕೆ ಹಳ್ಳಿಗಳು ಕಂಡುಕೊಂಡಿರುವ ದಾರಿ ತಿಂಗಳ ಪಾಳಿ. ಅವ್ವ ಈ ತಿಂಗಳು ದೊಡ್ಡ ಮಗನ ಮನೆ, ಮುಂದಿನ ತಿಂಗಳು ಎರಡನೆಯವನದು. ಕೆಲವು ಕಡೆ ಅಪ್ಪ ಒಬ್ಬನಿಗೆ, ಅವ್ವ ಇನ್ನೊಬ್ಬನಿಗೆ. ನಲವತ್ತು ವರ್ಷ ಜೊತೆಗೆ ಬಾಳಿದವರು ಹಬ್ಬಕ್ಕಷ್ಟೇ ಮುಖ ನೋಡುತ್ತಾರೆ. ನ್ಯಾಯ ಸಮನಾಗಲೆಂದು ಮಾಡಿದ ಏರ್ಪಾಡೇ, ಒಪ್ಪುತ್ತೇನೆ. ಹಿರಿಯರು ಕೈಕಾಲು ಗಟ್ಟಿ ಇರುವತನಕ ಅದು ನಡೆದೀತು. ಹಾಸಿಗೆ ಹಿಡಿದ ಮೇಲೆ ನಡೆಯದು.

ಲಕ್ವದ ನಂತರದ ಮೊದಲ ಕೆಲವು ತಿಂಗಳಲ್ಲೇ ಕೈಕಾಲಿನ ಚಲನೆ ಹೆಚ್ಚಾಗಿ ಮರಳುವುದು. ಆ ಹೊತ್ತಿನಲ್ಲಿ ದಿನವೂ ತಪ್ಪದ ವ್ಯಾಯಾಮ ಬೇಕು. ತಿಂಗಳಿಗೊಮ್ಮೆ ಊರು ಬದಲಾದರೆ ವ್ಯಾಯಾಮ ಮಾಡಿಸುವವರು ಬದಲಾಗುತ್ತಾರೆ, ಡಾಕ್ಟರೂ ಬದಲಾಗುತ್ತಾರೆ. ಒಬ್ಬರು ನಿಲ್ಲಿಸಿದ ಬಿಪಿ ಗುಳಿಗೆ ಇನ್ನೊಂದು ಚೀಟಿಯಲ್ಲಿ ಬೇರೆ ಹೆಸರಿನಲ್ಲಿ ಮರಳಿ ಬರುತ್ತದೆ. ಮರೆವಿನ ಕಾಯಿಲೆ ಇದ್ದವರು ಹೊಸ ಮನೆಯ ಬಚ್ಚಲಿನ ದಾರಿಯೇ ಹೊಳೆಯದೆ ರಾತ್ರಿ ಎದ್ದು ಬೀಳುತ್ತಾರೆ. ಎಲ್ಲಕ್ಕಿಂತ ಮೊದಲು ಸೋಲುವುದು ಚರ್ಮ. ತಾನಾಗಿ ಹೊರಳಲಾರದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ಕೆಳತುದಿಯನ್ನು ದಿನಕ್ಕೊಮ್ಮೆ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದೆ ಹಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು. ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ಗಟ್ಟಿಯೋ ಆಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ದಿನವೂ ಮುಟ್ಟುವ ಕೈಗೆ ಮಾತ್ರ ಆ ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಾಗಿ ನನ್ನ ವಾದವಿಷ್ಟು: ಅವ್ವ ಒಂದೇ ಮನೆಯಲ್ಲಿರಲಿ, ಪಾಳಿಯಲ್ಲಿ ತಿರುಗಬೇಕಾದವರು ಮಕ್ಕಳು. ಅದು ಹೇಗೆ ಸಾಧ್ಯವೆಂದು ಒಂದು ಮನೆಯನ್ನು ಕಲ್ಪಿಸಿಕೊಂಡೇ ಲೆಕ್ಕ ಹಾಕೋಣ.

ಇಟಿಕ್ಯಾಲದಲ್ಲಿ ದೊಡ್ಡ ಮಗ, ಹೈದರಾಬಾದಿನಲ್ಲಿ ತಿಂಗಳಿಗೆ 20 ಸಾವಿರ ದುಡಿಯುವ ಎರಡನೆಯವ, ಬೆಂಗಳೂರಿನಲ್ಲಿ 60 ಸಾವಿರದ ಕಿರಿಯವ, ರಾಯಚೂರಿನಲ್ಲಿ ಸ್ವಂತ ಸಂಪಾದನೆ ಇಲ್ಲದ ಮಗಳು. ಅವ್ವನ ಗುಳಿಗೆ, ಡೈಪರ್, ವ್ಯಾಯಾಮ, ಆಸ್ಪತ್ರೆಯ ಓಡಾಟಕ್ಕೆ ತಿಂಗಳಿಗೆ 7,500 ರೂ. ಎಂದಿಟ್ಟುಕೊಳ್ಳಿ. ಅಣ್ಣತಮ್ಮಂದಿರು ಕೂತಾಗ ಹಂಚಿಕೊಳ್ಳುವುದು ಈ ಮೊತ್ತವನ್ನಷ್ಟೇ. ಅದನ್ನು ಕೊಟ್ಟವನು ತನ್ನ ಪಾಲು ಮುಗಿಯಿತೆಂದುಕೊಳ್ಳುತ್ತಾನೆ. ಹಿರಿಯ ಸೊಸೆ ದಿನಕ್ಕೆ ನಾಲ್ಕು ತಾಸು ಅತ್ತೆಗೆ ಕೊಡುತ್ತಾಳೆ. ಅರ್ಧ ದಿನದ ಕೂಲಿ 150 ರೂ. ಎಂದು ಹಿಡಿದರೂ ತಿಂಗಳಿಗೆ 4,500 ರೂ. ಆಯಿತು. ಒಟ್ಟು ಭಾರ 12,000, ನಾಲ್ವರಿಗೆ ತಲಾ 3,000. ದೊಡ್ಡ ಮಗನ ಮನೆಯಿಂದ ದುಡಿಮೆಯ ರೂಪದಲ್ಲಿ 4,500 ಈಗಾಗಲೇ ಸಂದಿದೆ. ಅಂದರೆ ಉಳಿದ ಮೂವರು 9,000 ಕೊಡಬೇಕು: ಖರ್ಚಿಗೆ 7,500, ಮಿಕ್ಕ 1,500 ನೇರ ವೈನಿಯ ಕೈಗೆ. ಅತ್ತೆಯ ಸೇವೆಗೆ ಬೆಲೆ ಕಟ್ಟುವುದೇ ಎಂದು ಮುಖ ಸಿಂಡರಿಸುವವರಿದ್ದಾರೆ. ಬೆಲೆ ಕಟ್ಟದೆ ಇಷ್ಟು ವರ್ಷ ಅದನ್ನು ಸೊನ್ನೆ ಎಂದು ಬರೆದುಕೊಂಡು ಬಂದಿದ್ದೇವೆ. ಅವಳಿಗೆ ಆಗಿರುವ ಅವಮಾನ ಅದು.

ತಲಾ 3,000 ಎಂಬ ಸಮಪಾಲೂ ಇಲ್ಲಿ ನ್ಯಾಯವಲ್ಲ. ಮಗಳಿಗೆ ಸಂಪಾದನೆಯಿಲ್ಲ, ಅವಳಿಂದ ಹಣದ ಬದಲು ದಿನಗಳನ್ನು ಕೇಳಬೇಕು. 9,000ವನ್ನು ಇಬ್ಬರು ತಮ್ಮಂದಿರು ಆದಾಯಕ್ಕೆ ತಕ್ಕಂತೆ ಹಂಚಿಕೊಂಡರೆ ಕಿರಿಯವನದು 6,750, ಎರಡನೆಯವನದು 2,250. ಕ್ರಾಸಿಂಗ್ ಹಂಗಾಮಿನಲ್ಲಿ ಮಗಳು ಬಂದು ಅವ್ವನ ಹತ್ತಿರ ನಿಲ್ಲಲಿ. ಅವಳ ಮಕ್ಕಳ ಶಾಲೆಯ ಹೊಣೆ ಅಷ್ಟು ದಿನ ಅಳಿಯನದು. ಅವಳು ಪೂರಾ ಹಂಗಾಮು ನಿಲ್ಲಲಾಗದಿದ್ದರೆ ತಮ್ಮಂದಿರು ರಜೆ ಹಾಕಿ ಬರಬೇಕು. ಬಂದವರು ಅತಿಥಿಗಳಂತೆ ಕೂತು ವೈನಿಯ ಕೈಲಿ ಅಡುಗೆ ಮಾಡಿಸಿಕೊಂಡರೆ ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಮಗ್ಗುಲು ಬದಲಿಸುವುದು, ಡೈಪರ್ ಬಿಚ್ಚುವುದು ಗಂಡುಮಕ್ಕಳಿಗೂ ಬರಬೇಕು.

ಹೆಣ್ಣುಮಗಳನ್ನು ಇದರೊಳಗೆ ತರುವಾಗ ಆಸ್ತಿಯ ಮಾತನ್ನು ಮುಚ್ಚಿಡಬಾರದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೆತ್ತವರನ್ನು ಸಾಕುವ ಹೊಣೆಯನ್ನು ಮಗ, ಮಗಳು ಇಬ್ಬರ ಮೇಲೂ ಇಟ್ಟಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮ ಹಕ್ಕು ಕೊಟ್ಟಿದೆ. ಹೊಲದ ಪಾಲು ಬಿಡಿಸಿಕೊಳ್ಳುವ ಕಾಗದಕ್ಕೆ ಅವಳ ಸಹಿ ಹಾಕಿಸಿ, ಹಾಸಿಗೆ ಹಿಡಿದ ಅವ್ವನಿಗೆ ಮಾತ್ರ ಅವಳನ್ನು ಕರೆಯುವುದು ಅನ್ಯಾಯ.

ಮಾತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಹೆತ್ತವರು ಕಂದಾಯ ವಿಭಾಗದ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅಂಶ ಅದರ 5ನೇ ಸೆಕ್ಷನ್‌ನಲ್ಲಿದೆ: ಅರ್ಜಿ ಒಬ್ಬ ಮಗನ ಮೇಲಷ್ಟೇ ಬಿದ್ದಿದ್ದರೆ, ಅವನು ಉಳಿದ ಒಡಹುಟ್ಟಿದವರನ್ನೂ ಕಕ್ಷಿದಾರರಾಗಿ ಸೇರಿಸಿ ಎಂದು ಕೇಳಬಹುದು. 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯ ವರ್ಗಾವಣೆಯನ್ನು, ನೋಡಿಕೊಳ್ಳದಿದ್ದಾಗ ರದ್ದು ಮಾಡಿಸಬಹುದು. ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಈ ಕಾಯ್ದೆಯನ್ನು ಹಿರಿಯರ ಪರ ಉದಾರವಾಗಿ ಓದಿತು. ಆದರೂ ಷರತ್ತು ದಾನಪತ್ರದಲ್ಲೇ ಇರುವುದು ಕ್ಷೇಮ. ನ್ಯಾಯಮಂಡಳಿ ಜೀವನಾಂಶದ ಹಣ ಕೊಡಿಸಬಲ್ಲದು. ರಾತ್ರಿ ಎದ್ದು ಮಗ್ಗುಲು ಬದಲಿಸುವ ಕೈಯನ್ನು ಕೊಡಿಸಲಾರದು. ಅದಕ್ಕೇ ಮನೆಯೊಳಗಿನ ಮಾತುಕತೆ ಅರ್ಜಿಗಿಂತ ಮೊದಲು ನಡೆಯಬೇಕು, ಹಾಳೆಯ ಮೇಲೆ ಬರೆದಿಡಬೇಕು, ಸೊಸೆಯಂದಿರೂ ಅಳಿಯನೂ ಅಲ್ಲಿ ಕೂತಿರಬೇಕು.

ಏರ್ಪಾಡು ಸೋಲುತ್ತಿದೆ ಎಂಬುದು ಬಾಯಿಮಾತಿನಲ್ಲಿ ತಿಳಿಯುವುದಿಲ್ಲ. ಊರಲ್ಲಿ ಉಳಿದವರು ದೂರು ಹೇಳುವುದೇ ಕಡಿಮೆ. ಹತ್ತನೇ ತರಗತಿಯ ಮೊಮ್ಮಗಳ ಹಾಜರಿ ಕೇಳಬೇಕು. ತಾಯಿ ಹೊಲಕ್ಕೆ ಹೋದಾಗ ಅಜ್ಜಿಯ ಹತ್ತಿರ ಕೂರುವವಳು ಅವಳೇ. ವೈನಿ ತನ್ನ ಬಿಪಿ ಗುಳಿಗೆ ತರಿಸುವುದನ್ನು ಬಿಟ್ಟಿದ್ದಾಳೋ, ಬಂಗಾರ ಅಡವಿಟ್ಟಿದ್ದಾಳೋ ವಿಚಾರಿಸಬೇಕು. ಇವುಗಳಲ್ಲಿ ಒಂದು ಕಂಡರೂ ಹಾಳೆಯನ್ನು ಮತ್ತೆ ತೆಗೆದು ಲೆಕ್ಕ ತಿದ್ದಬೇಕು. ಕಿರಿಯವನ ಕೆಲಸ ಹೋದರೂ, ಇಲ್ಲವೇ ಅಪ್ಪನೂ ಹಾಸಿಗೆ ಹಿಡಿದರೂ ಅಷ್ಟೇ: ಆ ವಾರವೇ ನಾಲ್ವರೂ ಫೋನಿನಲ್ಲಾದರೂ ಸೇರಿ ಹೊಸ ಮೊತ್ತ, ಹೊಸ ದಿನಗಳನ್ನು ಬರೆದುಕೊಳ್ಳಬೇಕು.